ಚೆಕ್ ಕಳೆದದ್ದು ನನ್ನ ಕೈಯಿಂದ, ತಡೆಯಬೇಕಾದವರು ಯಾರು?

"ಸರ್, ಅರೇಹಳ್ಳಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಫೆಬ್ರವರಿ 9, ಸೋಮವಾರ ಚಿಕ್ಕಮಗಳೂರಿನ ವ್ಯಾಪಾರಿ ಒಬ್ಬರಿಗೆ 18 ಮೂಟೆ ರೊಬಸ್ಟಾ ಚೆರ್ರಿ ಹಾಕಿ 1,86,400 ರೂಪಾಯಿಗೆ ಚೆಕ್ ತಗೊಂಡೆ. ಬೇಲೂರಿಗೆ ಬಂದು ಬಸ್ ಇಳಿದು ಜೇಬು ನೋಡಿದರೆ ಚೆಕ್ ಇಲ್ಲ. ಎಡಮೂಲೆಯಲ್ಲಿ ಎರಡು ಗೆರೆ ಇತ್ತು, ಅದರೊಳಗೆ ಏನು ಬರೆದಿತ್ತೋ ನೆನಪಿಲ್ಲ. ಬೇಲೂರಿನ ನನ್ನ ಬ್ಯಾಂಕಿಗೆ ಹೋಗಿ ಚೆಕ್ ನಿಲ್ಲಿಸಿ ಹೊಸದು ಕೊಡಿ ಅಂದರೆ ನಮ್ಮಿಂದ ಆಗಲ್ಲ ಅಂದರು. ವ್ಯಾಪಾರಿಗೆ ಫೋನ್ ಮಾಡಿದರೆ, ಪೊಲೀಸ್ ಎಫ್‌ಐಆರ್ ತನ್ನಿ, ಮೂರು ತಿಂಗಳು ಕಾಯಿರಿ, ಚೆಕ್ಕಿನ ಅವಧಿ ಮುಗಿದ ಮೇಲೆ ಬೇರೆ ಕೊಡ್ತೀನಿ, ಈಗ ಸ್ಟಾಪ್ ಮಾಡಿದರೆ ನನ್ನ ಮೇಲೆ ಚೆಕ್ ಬೌನ್ಸ್ ಕೇಸ್ ಆಗುತ್ತೆ ಅಂತಾರೆ. ನಾನೀಗ ಏನು ಮಾಡಲಿ?"

ಮೊದಲು ಈ ಓದುವುದನ್ನು ಇಲ್ಲಿಗೇ ನಿಲ್ಲಿಸಿ ವ್ಯಾಪಾರಿಗೆ ಇನ್ನೊಂದು ಫೋನ್ ಮಾಡಿ. ಹಣದ ಮಾತು, ಹೊಸ ಚೆಕ್ಕಿನ ಮಾತು ಆಮೇಲೆ ಆಡಿಕೊಳ್ಳೋಣ, ಸದ್ಯಕ್ಕೆ ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಒಂದು ಹಾಕಿಬಿಡಿ ಅಂತ ಕೇಳಿಕೊಳ್ಳಿ. ಅದೊಂದು ಆದ ಮೇಲೆ ಉಳಿದದ್ದನ್ನು ನಿಧಾನಕ್ಕೆ ಓದಿದರೂ ನಷ್ಟವಿಲ್ಲ.

ನಿಮ್ಮ ಬೇಲೂರಿನ ಬ್ಯಾಂಕಿನವರು ಹೇಳಿದ್ದು ಸರಿಯಾಗಿಯೇ ಇದೆ. ಯಾಕೆ ಅಂತ ಬಿಡಿಸಿ ಹೇಳಲು ಅವರಿಗೆ ಪುರುಸೊತ್ತು ಇರಲಿಲ್ಲವೋ ಏನೋ, ನಾನು ಹೇಳುತ್ತೇನೆ. ಚೆಕ್ ಅಂದರೆ ವ್ಯಾಪಾರಿ ತನ್ನ ಬ್ಯಾಂಕಿಗೆ ಬರೆದ ಒಂದು ಅಪ್ಪಣೆ. "ನನ್ನ ಖಾತೆಯಿಂದ ಇವರಿಗೆ ಇಷ್ಟು ಹಣ ಕೊಡಿ" ಅಂತ. ಅಪ್ಪಣೆ ಕೊಟ್ಟವರು ಮಾತ್ರ ಅದನ್ನು ವಾಪಸ್ ತಗೋಬಹುದು. ಕಾಗದ ನಿಮ್ಮ ಕೈಯಲ್ಲಿತ್ತು, ಕಳೆದವರು ನೀವೇ, ಹಣವೂ ನಿಮಗೇ ಬರಬೇಕಾದ್ದು, ಆದರೂ ತಡೆಯುವ ಅಧಿಕಾರ ನಿಮಗಿಲ್ಲ. ನಿಮ್ಮ ಬ್ಯಾಂಕಿಗಂತೂ ಆ ಚೆಕ್ ಹುಟ್ಟಿದ್ದೇ ಗೊತ್ತಿಲ್ಲ. ವ್ಯಾಪಾರಿಯ ಬ್ಯಾಂಕಿಗೆ ನೀವೇ ಹೋಗಿ ಗೋಗರೆದರೂ ಅವರು ಹೆಚ್ಚೆಂದರೆ ಒಂದು ಎಚ್ಚರಿಕೆ ಬರೆದಿಟ್ಟುಕೊಂಡು ತಮ್ಮ ಗ್ರಾಹಕರಿಗೆ ಫೋನ್ ಮಾಡಬಹುದು, ಅಷ್ಟೇ.

ಹೊಸ ಚೆಕ್ ಬ್ಯಾಂಕ್ ಕೊಡುತ್ತದೆ ಅನ್ನುವುದು ಬಹಳ ಜನರಲ್ಲಿರುವ ತಪ್ಪು ಕಲ್ಪನೆ. ಬ್ಯಾಂಕು ಬದಲಿ ಕೊಡುವುದು ಡಿಮ್ಯಾಂಡ್ ಡ್ರಾಫ್ಟ್ ಕಳೆದಾಗ, ಯಾಕೆಂದರೆ ಅದನ್ನು ಬರೆದದ್ದೇ ಬ್ಯಾಂಕು. ಆಗ ಡ್ರಾಫ್ಟ್ ಮಾಡಿಸಿದವರು ಅರ್ಜಿ ಹಾಕಿ, ಮುಂದೆ ನಷ್ಟವಾದರೆ ನಾನೇ ಹೊಣೆ ಅಂತ ಇಂಡೆಮ್ನಿಟಿ ಬರೆದುಕೊಟ್ಟರೆ ಹದಿನೈದು ದಿನದೊಳಗೆ ಡೂಪ್ಲಿಕೇಟ್ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ನಿಮ್ಮದು ಡ್ರಾಫ್ಟ್ ಅಲ್ಲ, ವ್ಯಾಪಾರಿಯ ಸ್ವಂತ ಚೆಕ್. ಇದಕ್ಕೆ ಬದಲಿ ಬರೆದುಕೊಡಬೇಕಾದವರೂ ಅವರೇ.

ಈಗ ಆ ಎರಡು ಗೆರೆಯ ವಿಷಯ. ನಿಮ್ಮ ಆತಂಕ ಎಷ್ಟಿರಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಗೆರೆಯೇ ಇಲ್ಲದೆ, ಹೆಸರಿನ ಸಾಲಿನ ಕೊನೆಯಲ್ಲಿ ಅಚ್ಚಾಗಿರುವ "ಅಥವಾ ಧಾರಕರಿಗೆ" ಅನ್ನುವುದನ್ನು ಹೊಡೆದುಹಾಕದೆ ಬಿಟ್ಟಿದ್ದರೆ ಅದು ಬೇರರ್ ಚೆಕ್. ಬಸ್ಸಿನಲ್ಲಿ ಸಿಕ್ಕವರು ನೇರ ಕೌಂಟರಿಗೆ ಹೋಗಿ ನಗದು ಕೇಳಬಹುದು, ಬ್ಯಾಂಕು ಸರಿಯಾದ ರೀತಿಯಲ್ಲಿ ಕೊಟ್ಟರೆ ಆಮೇಲೆ ಬ್ಯಾಂಕನ್ನು ಹಿಡಿಯುವುದೂ ಕಷ್ಟ. ಎರಡು ಗೆರೆ ಇದ್ದರೆ ನಗದು ಸಿಗುವುದಿಲ್ಲ, ಯಾವುದಾದರೂ ಖಾತೆಗೇ ಹಾಕಬೇಕು. ಆದರೆ ಗೆರೆಯೊಳಗೆ ಏನೂ ಬರೆಯದೆ, ಬೇರರ್ ಅನ್ನುವುದೂ ಹಾಗೇ ಇದ್ದರೆ ಸಿಕ್ಕವರು ತಮ್ಮ ಖಾತೆಗೆ ಹಾಕಿಕೊಳ್ಳಲು ದಾರಿ ಇದೆ. ಗೆರೆಯ ಮಧ್ಯೆ "ಎ/ಸಿ ಪೇಯೀ" ಅಂತ ಬರೆದಿದ್ದರೆ ಮಾತ್ರ ನೀವು ಸ್ವಲ್ಪ ಉಸಿರು ಬಿಡಬಹುದು. ಅದನ್ನು ನಿಮ್ಮ ಹೆಸರಿನ ಖಾತೆ ಬಿಟ್ಟು ಬೇರೆಯವರ ಖಾತೆಗೆ ಹಾಕಿಕೊಳ್ಳಬಾರದು ಅಂತ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟಾದ ಆದೇಶ ಇದೆ. ಮೀರಿ ಹಾಕಿಕೊಂಡ ಬ್ಯಾಂಕು ಉತ್ತರ ಕೊಡಬೇಕಾಗುತ್ತದೆ. ಕಾಫಿ ವ್ಯಾಪಾರಿಗಳು ಸಾಮಾನ್ಯವಾಗಿ ಹೀಗೇ ಬರೆಯುತ್ತಾರೆ, ಆದರೂ ಊಹೆಯ ಮೇಲೆ ಕೂರಬೇಡಿ, ಫೋನಿನಲ್ಲೇ ಕೇಳಿ ತಿಳಿದುಕೊಳ್ಳಿ.

"ಎ/ಸಿ ಪೇಯೀ ಇತ್ತು ತಾನೇ, ಬಿಡಿ, ಏನೂ ಆಗಲ್ಲ" ಅಂತ ಅವರು ಅನ್ನಬಹುದು. ಹೆಸರು ಅಳಿಸಿ ಬೇರೆ ಬರೆದು ಹಣ ತೆಗೆದ ಪ್ರಸಂಗಗಳು ನಮ್ಮ ದೇಶದಲ್ಲಿ ಕಡಿಮೆ ಇಲ್ಲ. ತಿದ್ದಿದ ಚೆಕ್ಕನ್ನು ಕ್ಲಿಯರಿಂಗಿನಲ್ಲಿ ತಗೋಬಾರದು ಅಂತ ನಿಯಮ ಇದೆ ನಿಜ, ಆದರೆ ಈಗ ಕಾಗದ ಊರಿಂದ ಊರಿಗೆ ಹೋಗುವುದಿಲ್ಲ, ಅದರ ಫೋಟೋ ಮಾತ್ರ ಹೋಗುತ್ತದೆ. ಚೆನ್ನಾಗಿ ಅಳಿಸಿ ಬರೆದದ್ದು ಫೋಟೋದಲ್ಲಿ ಕಣ್ಣಿಗೆ ಬೀಳದೆಯೂ ಇರಬಹುದು. ಇನ್ನೊಂದು ವಿಷಯ, ಮೊದಲೆಲ್ಲ ಇವತ್ತು ಹಾಕಿದ ಚೆಕ್ ನಾಳೆ ನಾಡಿದ್ದು ಪಾಸಾಗುತ್ತಿತ್ತು, ಆ ಮಧ್ಯದಲ್ಲಿ ತಡೆಯಲು ಒಂದು ದಿನ ಸಿಗುತ್ತಿತ್ತು. 2025ರ ಅಕ್ಟೋಬರ್ 4ರಿಂದ ಆ ಪದ್ಧತಿ ಹೋಯಿತು. ಈಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರ ತನಕ ಚೆಕ್ಕುಗಳು ಬಂದ ಹಾಗೇ ಹೋಗುತ್ತಿರುತ್ತವೆ, ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಅದಕ್ಕೇ ನಾನು ಮೊದಲ ಸಾಲಿನಲ್ಲೇ ಫೋನ್ ಮಾಡಿ ಅಂದದ್ದು.

ಸ್ಟಾಪ್ ಹಾಕುವುದು ವ್ಯಾಪಾರಿಗೆ ಐದು ನಿಮಿಷದ ಕೆಲಸ. ನೆಟ್ ಬ್ಯಾಂಕಿಂಗ್ ಅಥವಾ ಬ್ಯಾಂಕಿನ ಆ್ಯಪಿನಲ್ಲಿ ಚೆಕ್‌ಬುಕ್ ವಿಭಾಗದೊಳಗೆ Stop Payment ಅಥವಾ Stop Cheque ಅಂತ ಇರುತ್ತದೆ. ಅದು ಬೇಡ ಅಂದರೆ ಶಾಖೆಗೆ ಹೋಗಿ ಫಾರಂ ತುಂಬಿ ಸಹಿ ಹಾಕಿದರಾಯಿತು. ಒಂದು ಸಣ್ಣ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಅವರ ಖಾತೆಯಿಂದ ಹೋಗುತ್ತದೆ, ಮೊತ್ತ ಬ್ಯಾಂಕಿಂದ ಬ್ಯಾಂಕಿಗೆ ಬೇರೆ. ಆ ಶುಲ್ಕ ನಾನು ಕೊಡುತ್ತೇನೆ ಅಂತ ನೀವಾಗೇ ಹೇಳಿಬಿಡಿ. ಎಷ್ಟೋ ಸಲ ಇಷ್ಟು ಸಣ್ಣ ಮಾತಿಗೇ ಎದುರಿನವರು ಮೆತ್ತಗಾಗುವುದನ್ನು ನೋಡಿದ್ದೇನೆ.

ಕೆಲಸ ಕೆಡುವುದು ಚೆಕ್ ನಂಬರಿನಲ್ಲಿ. ಯಾವುದಾದರೂ ಹಳೇ ಚೆಕ್ ಲೀಫ್ ಇದ್ದರೆ ಕೈಯಲ್ಲಿ ಹಿಡಿದು ಕೆಳಗಿನ ಬಿಳಿ ಪಟ್ಟಿ ನೋಡಿ. ವಿಚಿತ್ರ ಅಕ್ಷರದಲ್ಲಿ ಅಂಕಿಗಳ ನಾಲ್ಕು ಗುಂಪು ಕಾಣುತ್ತದೆ. ಎಡದಿಂದ ಮೊದಲನೆಯ ಆರು ಅಂಕಿಯೇ ಚೆಕ್ ನಂಬರು. ಆಮೇಲಿನ ಒಂಬತ್ತು ಅಂಕಿ ಊರು, ಬ್ಯಾಂಕು, ಶಾಖೆಯ ಗುರುತು, ಅದು ಆ ಪುಸ್ತಕದ ಎಲ್ಲ ಲೀಫಿನಲ್ಲೂ ಒಂದೇ. ಮುಂದಿನ ಆರು ಖಾತೆಗೆ ಸಂಬಂಧಪಟ್ಟದ್ದು, ಕೊನೆಯ ಎರಡು ಯಾವ ಬಗೆಯ ಖಾತೆ ಅನ್ನುವುದರ ಗುರುತು. ಬ್ಯಾಂಕಿನ ಕಂಪ್ಯೂಟರ್ ಸ್ಟಾಪ್ ಹಿಡಿಯುವುದು ಆ ಮೊದಲ ಆರು ಅಂಕಿಯಿಂದ. ಮೊತ್ತ, ಹೆಸರು, ತಾರೀಕು ಎಲ್ಲ ಸರಿಯಾಗಿ ಬರೆದು ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಕಳೆದ ಚೆಕ್ಕಿಗೆ ಯಾವ ತಡೆಯೂ ಬಿದ್ದಿರುವುದಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ಶಾಖೆಯಲ್ಲಿದ್ದಾಗ ಇದು ಕಣ್ಣಮುಂದೆಯೇ ನಡೆಯಿತು. ಒಬ್ಬ ಗ್ರಾಹಕರು ಎರಡು ಚೆಕ್ ಪುಸ್ತಕ ಒಟ್ಟಿಗೆ ಬಳಸುತ್ತಿದ್ದರು. ಕಳೆದ ಚೆಕ್ಕಿನ ನಂಬರನ್ನು ಜ್ಞಾಪಕದಿಂದ ಬರೆದುಕೊಟ್ಟರು, 7ರಲ್ಲಿ ಮುಗಿಯಬೇಕಾದದ್ದು 8 ಅಂತ ಆಯಿತು. ಆ 8ರ ಚೆಕ್ಕನ್ನು ಅವರು ಗೊಬ್ಬರದ ಅಂಗಡಿಗೆ ಕೊಟ್ಟಿದ್ದರು. ಮೂರನೇ ದಿನ ಗೊಬ್ಬರದ ಅಂಗಡಿಯವರು ವಾಪಸ್ ಬಂದ ಚೆಕ್ ಹಿಡಿದುಕೊಂಡು ಶಾಖೆಗೇ ಬಂದರು. ಮೆಮೋದಲ್ಲಿ "ಪೇಮೆಂಟ್ ಸ್ಟಾಪ್ಡ್ ಬೈ ಡ್ರಾಯರ್" ಅಂತ ಇತ್ತು. ಅವರು ಸಿಟ್ಟಾಗಿ ಬಂದದ್ದರಿಂದಲೇ ತಪ್ಪು ಬೆಳಕಿಗೆ ಬಂದದ್ದು, ಅಲ್ಲಿಯ ತನಕ ಮೂರು ದಿನ ಕಳೆದ ಚೆಕ್ ಊರೆಲ್ಲಾ ಬಾಗಿಲು ತೆರೆದ ಮನೆಯ ಹಾಗೆ ಇತ್ತು. ಪುಣ್ಯಕ್ಕೆ ಯಾರೂ ಹಾಕಿರಲಿಲ್ಲ.

ಅದಕ್ಕೆ ನಿಮ್ಮ ವ್ಯಾಪಾರಿ ನಂಬರನ್ನು ಜ್ಞಾಪಕದಿಂದ ಕೊಡಬಾರದು, ನೀವೂ ಕೇಳಿ ಬಿಡಬಾರದು. ಚೆಕ್ ಪುಸ್ತಕದ ಮುಂದಿನ ಹಾಳೆಯಲ್ಲಿ ಅಥವಾ ಕೌಂಟರ್‌ಫಾಯಿಲಿನಲ್ಲಿ ಯಾರಿಗೆ ಯಾವ ಲೀಫ್ ಕೊಟ್ಟೆ ಅಂತ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ನಿಮ್ಮ ಚೆಕ್ಕಿನ ಹಿಂದಿನ ಲೀಫ್ ಮತ್ತು ಮುಂದಿನ ಲೀಫ್ ಯಾರಿಗೆ ಹೋಯಿತು ಅಂತ ನೋಡಿದರೆ ಮಧ್ಯದ್ದು ನಿಮ್ಮದು. ನೀವು ಚೆಕ್ ತಗೊಂಡಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದರಂತೂ ಇಷ್ಟೆಲ್ಲ ತೊಂದರೆಯೇ ಇಲ್ಲ, ಗ್ಯಾಲರಿ ಒಮ್ಮೆ ನೋಡಿ, ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೀರೇನೋ.

ಸ್ಟಾಪ್ ಹಾಕುವ ಮುಂಚೆ ಅವರು ತಮ್ಮ ಖಾತೆಯ ಸ್ಟೇಟ್‌ಮೆಂಟ್ ಒಮ್ಮೆ ತೆಗೆದು ಆ ನಂಬರು ಆಗಲೇ ಪಾಸಾಗಿದೆಯಾ ಅಂತಲೂ ನೋಡಬೇಕು. ಪಾಸಾಗಿಬಿಟ್ಟಿದ್ದರೆ ಸ್ಟಾಪ್‌ಗೆ ಅರ್ಥವಿಲ್ಲ. ಆಗ ಹಣ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಯಿತು ಅಂತ ಹುಡುಕುವುದು, ದೂರು ಕೊಡುವುದು, ಅದೇ ಬೇರೆ ದಾರಿ. ಪಾಸಾಗಿಲ್ಲ, ಸ್ಟಾಪ್ ಬಿತ್ತು ಅಂದರೆ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ ಅಥವಾ ಒಂದು ರೆಫರೆನ್ಸ್ ನಂಬರು ಸಿಗುತ್ತದೆ. ಶಾಖೆಯಲ್ಲಿ ಬರೆದುಕೊಟ್ಟರೆ ನಕಲಿನ ಮೇಲೆ ಸೀಲು, ತಾರೀಕು, ಜೊತೆಗೆ ಸಮಯವನ್ನೂ ಹಾಕಿಸಿಕೊಳ್ಳುವುದು ಒಳ್ಳೆಯದು. ಆ ಮೆಸೇಜಿನ ಅಥವಾ ನಕಲಿನ ಫೋಟೋ ನಿಮಗೆ ಕಳಿಸಿಕೊಡಲು ಹೇಳಿ, ನಂಬರಿನ ಆರು ಅಂಕಿ ನೀವೂ ತಾಳೆ ನೋಡಿ. ಸ್ಟಾಪ್ ಸ್ವೀಕರಿಸಿದ ಮೇಲೂ ಬ್ಯಾಂಕು ಹಣ ಕೊಟ್ಟುಬಿಟ್ಟರೆ ಆ ತಪ್ಪು ಬ್ಯಾಂಕಿನದು, ವ್ಯಾಪಾರಿ ತನ್ನ ಖಾತೆಗೆ ಹಣ ವಾಪಸ್ ಕೇಳಬಹುದು. 30 ದಿನದಲ್ಲಿ ಬ್ಯಾಂಕು ಸರಿಪಡಿಸದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಆಗ ಸಹಾಯಕ್ಕೆ ಬರುವುದು ಆ ಸಮಯ ಬರೆದ ಸೀಲೇ.

ಇನ್ನು ವ್ಯಾಪಾರಿಯ ಭಯ. ಅವರನ್ನು ನಾನು ಸುಮ್ನೆ ದೂರುವುದಿಲ್ಲ, ಅವರ ಕಡೆಯಿಂದ ನೋಡಿದರೆ ಅದಕ್ಕೆ ಕಾರಣ ಇದೆ. ಸ್ಟಾಪ್ ಪೇಮೆಂಟ್ ಅಂತ ವಾಪಸ್ ಬಂದ ಚೆಕ್ಕಿನ ಮೇಲೂ ಸೆಕ್ಷನ್ 138ರ ಚೆಕ್ ಬೌನ್ಸ್ ಕೇಸ್ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ ಹೇಳಿದೆ. ಸಾಲ ಕೊಡದೆ ತಪ್ಪಿಸಿಕೊಳ್ಳಲು ಸ್ಟಾಪ್ ಹಾಕುವವರನ್ನು ಹಿಡಿಯುವುದಕ್ಕೆ ಅದು. ಆದರೆ ಸ್ಟಾಪ್ ಹಾಕಿದ ಮಾತ್ರಕ್ಕೆ ಚೆಕ್ ಬೌನ್ಸ್ ಆಗುವುದಿಲ್ಲ. ಯಾರಾದರೂ ಅದನ್ನು ಬ್ಯಾಂಕಿಗೆ ಹಾಕಬೇಕು, ಅದು ವಾಪಸ್ ಬರಬೇಕು, 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು, ಆಮೇಲೆ 15 ದಿನ ಕಳೆದರೂ ಹಣ ಕೊಡದೇ ಇರಬೇಕು. ಇಲ್ಲಿ ಆ ನೋಟಿಸ್ ಕೊಡಬೇಕಾದವರು ನೀವು, ಹಣ ಬರಬೇಕಾದದ್ದು ನಿಮಗೆ, ಸ್ಟಾಪ್ ಹಾಕಿ ಅಂತ ಕೇಳುತ್ತಿರುವವರೂ ನೀವೇ. ಅದನ್ನು ಬಾಯಲ್ಲಿ ಹೇಳದೆ ಬರೆದುಕೊಟ್ಟರೆ ಅವರ ಭಯ ಅಲ್ಲಿಗೇ ಮುಗಿಯಿತು. ಪತ್ರ ಹೀಗಿದ್ದರೆ ಸಾಕು:

"ಫೆಬ್ರವರಿ 9ರಂದು ನೀವು ನನ್ನ ಹೆಸರಿಗೆ ಕೊಟ್ಟ ಇಂಥ ಬ್ಯಾಂಕಿನ, ಇಂಥ ನಂಬರಿನ, 1,86,400 ರೂಪಾಯಿಯ ಚೆಕ್ ನನ್ನ ಕೈಯಲ್ಲಿದ್ದಾಗ ಕಳೆದುಹೋಗಿದೆ. ಅದನ್ನು ನಾನು ಯಾವ ಬ್ಯಾಂಕಿಗೂ ಹಾಕಿಲ್ಲ, ಯಾರಿಗೂ ವರ್ಗಾಯಿಸಿಲ್ಲ. ಅದರ ಪಾವತಿಯನ್ನು ತಡೆದು ಅದೇ ಮೊತ್ತವನ್ನು ಬೇರೆ ಚೆಕ್ ಅಥವಾ ನೆಫ್ಟ್ ಮೂಲಕ ಕೊಡಿ ಎಂದು ಕೋರುತ್ತೇನೆ. ಹಳೇ ಚೆಕ್ ಸಿಕ್ಕಿದರೆ ಬ್ಯಾಂಕಿಗೆ ಹಾಕದೆ ನಿಮಗೇ ವಾಪಸ್ ಕೊಡುತ್ತೇನೆ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಸಹಿ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ.

ಎಫ್‌ಐಆರ್ ವಿಷಯಕ್ಕೆ ಬಂದರೆ, ಸ್ಟಾಪ್ ಹಾಕಲು ಬ್ಯಾಂಕಿಗೆ ಅದು ಬೇಕಾಗಿಲ್ಲ, ಖಾತೆದಾರರ ಸೂಚನೆ ಸಾಕು. ಕಳೆದುಹೋದ ವಸ್ತುವಿಗೆ ಪೊಲೀಸರು ಸಾಮಾನ್ಯವಾಗಿ ಎಫ್‌ಐಆರ್ ಹಾಕುವುದೂ ಇಲ್ಲ, ಅರ್ಜಿ ತಗೊಂಡು ಸ್ವೀಕೃತಿ ಕೊಡುತ್ತಾರೆ. ಜೇಬುಗಳ್ಳತನ ಆಗಿದೆ ಅನ್ನುವ ಅನುಮಾನ ಇದ್ದರೆ ದೂರೇ ಕೊಡಿ. ಇಲ್ಲದಿದ್ದರೂ ಬೇಲೂರು ಠಾಣೆಯಲ್ಲಿ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತಂದರೆ ವ್ಯಾಪಾರಿಗೂ ಸಮಾಧಾನ, ಮುಂದೆ ಯಾರಾದರೂ ಆ ಚೆಕ್ ಹಿಡಿದು ಬಂದರೆ ನಿಮಗೂ ಆಧಾರ. ಆದರೆ ಸ್ವೀಕೃತಿ ಸಿಗುವ ತನಕ ಸ್ಟಾಪ್ ಹಾಕಲ್ಲ ಅಂತ ಕೂರುವುದು ಮಾತ್ರ ಬೇಡ. ಮೊದಲು ಸ್ಟಾಪ್, ಆಮೇಲೆ ಠಾಣೆ.

ಅವರು ಹೇಳಿದ್ದರಲ್ಲಿ ನನಗೆ ಒಪ್ಪಿಗೆಯಾಗದ್ದು ಮೂರು ತಿಂಗಳು ಕಾಯುವ ಮಾತು. ಬರೆದ ತಾರೀಕಿನಿಂದ ಮೂರು ತಿಂಗಳಿಗೆ ಚೆಕ್ಕಿನ ಅವಧಿ ಮುಗಿಯುತ್ತದೆ ಅನ್ನುವುದು ನಿಜ, 2012ರ ಏಪ್ರಿಲ್‌ನಿಂದ ಆ ನಿಯಮ ಇದೆ. ನಿಮ್ಮದು ಮೇ ಎರಡನೇ ವಾರಕ್ಕೆ ಹಳತಾಗುತ್ತದೆ. ಅಲ್ಲಿಯ ತನಕ ಕಾದರೆ ಅವರು ಸುರಕ್ಷಿತ, ನೀವಲ್ಲ. ಸ್ಟಾಪ್ ಹಾಕದೆ ಸುಮ್ಮನೆ ಕಾಯುವುದಾದರೆ ಆ ಮೂರು ತಿಂಗಳೂ ಚೆಕ್ ಜೀವಂತವಾಗಿಯೇ ಇರುತ್ತದೆ. ಸ್ಟಾಪ್ ಹಾಕಿದ ಮೇಲೆ ಕಾಯುವುದಕ್ಕೆ ಕಾರಣವೇ ಇಲ್ಲ.

ಕಾನೂನು ಕೂಡ ನಿಮ್ಮ ಕಡೆ ಇದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ 45ಎ ಅನ್ನುವ ಸೆಕ್ಷನ್ ಇದೆ, ಬ್ಯಾಂಕಿನವರಲ್ಲೇ ಎಷ್ಟೋ ಜನ ಅದನ್ನು ಓದಿರುವುದಿಲ್ಲ. ಅವಧಿ ಮೀರುವ ಮುಂಚೆ ಹುಂಡಿ ಕಳೆದುಹೋದರೆ, ಅದನ್ನು ಇಟ್ಟುಕೊಂಡಿದ್ದವರು ಬರೆದುಕೊಟ್ಟವರಿಂದ ಅಂಥದ್ದೇ ಇನ್ನೊಂದನ್ನು ಕೇಳಬಹುದು, ಕೊಡಲೇಬೇಕು ಅಂತ ಒತ್ತಾಯಿಸಲೂಬಹುದು ಅನ್ನುತ್ತದೆ ಅದು. ಇದೇ ಕಾಯ್ದೆಯ ಲೆಕ್ಕದಲ್ಲಿ ಚೆಕ್ ಕೂಡ ಹುಂಡಿಯ ಒಂದು ಬಗೆ. ಅದಕ್ಕೆ ಬದಲಾಗಿ ಬರೆದುಕೊಟ್ಟವರು ಭದ್ರತೆ ಕೇಳಿದರೆ ನೀವು ಕೊಡಬೇಕು, ಹಳೆಯದು ಮತ್ತೆ ಸಿಕ್ಕಿ ಯಾರಾದರೂ ಹಣ ಕೇಳಿದರೆ ಆ ನಷ್ಟ ನಿಮ್ಮದು ಅಂತ. ಇಂಡೆಮ್ನಿಟಿ ಬಾಂಡ್ ಅನ್ನುವುದು ಇದೇ. ಇ-ಸ್ಟಾಂಪ್ ಪೇಪರಿನ ಮೇಲೆ ಬರೆಸಿ ನೋಟರಿ ಮಾಡಿಸಿಕೊಡಿ. "ಅವಧಿ ಮೀರುವ ಮುಂಚೆ" ಅನ್ನುವ ಮಾತನ್ನು ಗಮನಿಸಿದಿರಾ? ಮೂರು ತಿಂಗಳು ಕಾದು ಆಮೇಲೆ ಕೇಳಿದರೆ ಈ ಸೆಕ್ಷನ್ನಿನ ಬಲವನ್ನು ನೀವಾಗೇ ದುರ್ಬಲ ಮಾಡಿಕೊಂಡ ಹಾಗಾಗುತ್ತದೆ. ಕೇಳುವುದನ್ನು ಈಗಲೇ, ಬರಹದಲ್ಲಿ ಕೇಳಿ.

ಬಾಂಡ್ ಬರೆಯುವಾಗ ಒಂದು ಎಚ್ಚರ. ನಿಮ್ಮ ಹೊಣೆ ಆ ಒಂದು ಚೆಕ್ಕಿಗೆ, ಆ ಮೊತ್ತಕ್ಕೆ ಮಾತ್ರ ಅಂತ ಚೆಕ್ ನಂಬರ್ ಸಮೇತ ಬರೆಸಿ. "ಈ ವ್ಯವಹಾರದಿಂದ ಬರುವ ಎಲ್ಲ ನಷ್ಟಕ್ಕೂ" ಅಂತ ಬಾಯಿ ತೆರೆದ ವಾಕ್ಯ ಇದ್ದರೆ ಸಹಿ ಹಾಕಬೇಡಿ. ಹಾಗೇ "ಹಣ ಸಂದಾಯವಾಗಿದೆ" ಅನ್ನುವ ಸಾಲು ಬಾಂಡಿನಲ್ಲಿ ನುಸುಳಿದೆಯಾ ನೋಡಿಕೊಳ್ಳಿ, ಹಣ ಕೈಗೆ ಬರುವ ಮುಂಚೆ ಅದಕ್ಕೆ ಒಪ್ಪಬಾರದು. ಚೆಕ್ ಕೊಟ್ಟ ಮಾತ್ರಕ್ಕೆ ಕಾಫಿಯ ಬಾಕಿ ತೀರುವುದಿಲ್ಲ, ಚೆಕ್ಕಿನ ಹಣ ನಿಮ್ಮ ಖಾತೆಗೆ ಬಿದ್ದಾಗಲೇ ತೀರುವುದು. ತೂಕದ ಚೀಟಿ, ಬಿಲ್ಲು ಜೋಪಾನವಾಗಿಡಿ. ವ್ಯಾಪಾರಿ ಏನೂ ಮಾಡದೆ ಎಳೆದಾಡಿದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅದೇ ಪತ್ರವನ್ನು 45ಎ ಹೆಸರಿಸಿ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಮಾಲಿನ ಬಾಕಿಗೆ ದಾವೆ ಹಾಕಲು ಮಾಲು ಕೊಟ್ಟ ದಿನದಿಂದ ಮೂರು ವರ್ಷ ಸಮಯ ಇದೆ, ಆ ಹೊತ್ತಿಗೆ ವಕೀಲರನ್ನು ಕಾಣಿ. 138ರ ಕೇಸ್ ಮಾತ್ರ ಸಾಧ್ಯವಿಲ್ಲ, ಹಾಕಲು ಕೈಯಲ್ಲಿ ಚೆಕ್ಕೇ ಇಲ್ಲವಲ್ಲ. ಬದಲಿ ಚೆಕ್ ಬಂದು ಅದು ಬೌನ್ಸ್ ಆದರೆ ಆಗ ಆ ಹೊಸ ಚೆಕ್ಕಿನ ಮೇಲೆ ಹಾಕಬಹುದು.

ಬದಲಿಯಾಗಿ ಮತ್ತೊಂದು ಚೆಕ್ಕೇ ಬೇಕಾ? ನನ್ನನ್ನು ಕೇಳಿದರೆ ಬೇಡ. ಸ್ಟಾಪ್ ಬಿದ್ದ ಮೆಸೇಜ್ ನೋಡಿದ ಮೇಲೆ ನಿಮ್ಮ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿ ನೆಫ್ಟ್ ಮಾಡಲು ಹೇಳಿ. 1,86,400 ನೆಫ್ಟ್‌ನಲ್ಲಿ ಸಲೀಸಾಗಿ ಹೋಗುತ್ತದೆ, ದಿನದ ಯಾವ ಹೊತ್ತಿನಲ್ಲಾದರೂ, ಭಾನುವಾರವೂ. ಅವರ ಲೆಕ್ಕಪುಸ್ತಕಕ್ಕೂ ದಾಖಲೆ ಸಿಕ್ಕಿತು, ನೀವು ಜೇಬಿನಲ್ಲಿ ಇಟ್ಟುಕೊಂಡು ಬಸ್ ಹತ್ತುವ ಕಾಗದವೂ ಇಲ್ಲ. ಅವರು ಚೆಕ್ಕೇ ಕೊಡುತ್ತೇನೆ ಅಂದರೆ ಗೆರೆಯೊಳಗೆ ಎ/ಸಿ ಪೇಯೀ ಬರೆಸಿ, ಬೇರರ್ ಹೊಡೆಸಿ, ಹಿಂದೆ ನಿಮ್ಮ ಖಾತೆ ನಂಬರು ಬರೆದು ಬೇಲೂರಿನ ಕೌಂಟರಿನಲ್ಲೇ ಕೊಟ್ಟು ಸ್ವೀಕೃತಿ ತಗೊಳ್ಳಿ. ಕೌಂಟರಿನಲ್ಲಿ ಚೆಕ್ ಕೊಟ್ಟವರಿಗೆ ಸ್ವೀಕೃತಿ ಕೊಡುವುದಿಲ್ಲ ಅನ್ನಲು ಶಾಖೆಗೆ ಅಧಿಕಾರವಿಲ್ಲ. ಹಾಗೆ ಕೊಟ್ಟ ಮೇಲೆ ಬ್ಯಾಂಕಿನವರ ಕೈಯಲ್ಲಿ ಚೆಕ್ ಕಳೆದರೆ ಹೊಣೆ ಅವರದು. ನಿಮಗೆ ಕೂಡಲೇ ತಿಳಿಸಬೇಕು, ಬದಲಿ ಚೆಕ್ ಪಡೆಯಲು ಆದ ಖರ್ಚನ್ನೂ ತುಂಬಿಕೊಡಬೇಕು.

ಕೊನೆಗೆ, ಹಳೇ ಚೆಕ್ ಸಿಕ್ಕಿದರೆ. ಹೆಚ್ಚಿನ ಸಲ ಸಿಗುತ್ತದೆ, ಅಂಗಿಯ ಒಳಜೇಬಿನಲ್ಲೋ, ತೂಕದ ಚೀಟಿಯ ಮಡಿಕೆಯಲ್ಲೋ. ಹಣ ಇನ್ನೂ ಬಂದಿಲ್ಲ, ಇದನ್ನೇ ಹಾಕಿಬಿಡೋಣ ಅಂತ ಆಸೆ ಆಗಬಹುದು. ಹಾಕಬೇಡಿ. ಸ್ಟಾಪ್ ಇರುವುದರಿಂದ ವಾಪಸ್ ಬರುತ್ತದೆ, ಎರಡೂ ಖಾತೆಗೆ ಶುಲ್ಕ ಬೀಳುವ ಸಾಧ್ಯತೆ ಇದೆ, ನೀವು ಬರೆದುಕೊಟ್ಟ ಪತ್ರಕ್ಕೂ ವಿರುದ್ಧ. ವ್ಯಾಪಾರಿ ಸ್ಟಾಪ್ ತೆಗೆಸಿ ಅದನ್ನೇ ಪಾಸು ಮಾಡಿಸಲು ಒಪ್ಪಿದರೆ ಅದು ಬೇರೆ, ಆಗ ಅವರ ಬ್ಯಾಂಕಿನಿಂದ ಸ್ಟಾಪ್ ರದ್ದಾದ ಮೆಸೇಜ್ ಕಣ್ಣಾರೆ ನೋಡಿಯೇ ಹಾಕಿ. ಹಣ ಆಗಲೇ ಬಂದಿದ್ದರೆ ಚೆಕ್ಕಿನ ಸಹಿಯ ಮೇಲೂ ಕೆಳಗಿನ ಅಂಕಿಯ ಪಟ್ಟಿಯ ಮೇಲೂ ಅಡ್ಡ ಗೆರೆ ಎಳೆದು, ಫೋಟೋ ತೆಗೆದಿಟ್ಟುಕೊಂಡು, ಮುಂದಿನ ಸಲ ಚಿಕ್ಕಮಗಳೂರಿಗೆ ಹೋದಾಗ ಅವರ ಕೈಗೇ ಕೊಟ್ಟು, ನಿಮ್ಮ ಇಂಡೆಮ್ನಿಟಿ ಬಾಂಡ್ ವಾಪಸ್ ಇಸಿದುಕೊಂಡು ಬನ್ನಿ.